ಹನ್ನೆರಡು ರೋಗಿಗಳ ಲೆಕ್ಕ: ಫೋಟೊದಲ್ಲಿ ಬಂದ ಪ್ರಶ್ನೆಯೊಂದರ ಪ್ರಾಕ್ಕಲ್ಪನಾ ಪರೀಕ್ಷೆ

ಬ್ರೂಕ್‌ಫೀಲ್ಡ್‌ನ ಎಇಸಿಎಸ್ ಲೇಔಟ್ ಮತ್ತು ಕುಂದಲಹಳ್ಳಿಯ ಪಿಜಿಗಳಲ್ಲಿ ಉಳಿದು ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ವಿಟಿಯುವಿನ ಹಳೆಯ ಪ್ರಶ್ನೆಪತ್ರಿಕೆಗಳು ಈಗ ಹೆಚ್ಚಾಗಿ ಫೋನಿನ ಫೋಟೊಗಳಾಗಿಯೇ ಬರುತ್ತವೆ. ಗಣಿತ ಪತ್ರಿಕೆಯ ಸ್ಯಾಂಪ್ಲಿಂಗ್ ಭಾಗದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಲೆಕ್ಕವಿದೆ. ಬಿ. ಎಸ್. ಗ್ರೇವಾಲ್ ಅವರ ಪಠ್ಯಪುಸ್ತಕದಲ್ಲಿಯೂ ಅದು ಸಿಗುತ್ತದೆ. ಹನ್ನೆರಡು ರೋಗಿಗಳಿಗೆ ಒಂದು ಪ್ರಚೋದಕ ಕೊಟ್ಟಾಗ ಅವರ ರಕ್ತದೊತ್ತಡದಲ್ಲಿ ಆದ ಏರಿಕೆ ಹೀಗಿದೆ: 5, 2, 8, −1, 3, 0, 6, −2, 1, 5, 0, 4. ಈ ಪ್ರಚೋದಕದಿಂದ ರಕ್ತದೊತ್ತಡ ಸಾಮಾನ್ಯವಾಗಿ ಏರುತ್ತದೆಂದು ತೀರ್ಮಾನಿಸಬಹುದೇ ಎಂಬುದು ಪ್ರಶ್ನೆ. ಜೊತೆಗೆ ಕೋಷ್ಟಕದ ಬೆಲೆ 2.201 ಎಂದು ಕೊಟ್ಟಿರುತ್ತಾರೆ. ಈ ಲೆಕ್ಕದ ಉತ್ತರ ಎರಡು ಸಣ್ಣ ಸಂಗತಿಗಳನ್ನು ಅವಲಂಬಿಸಿದೆ ಎಂಬುದು ನನ್ನ ವಾದ. ಫೋಟೊದಲ್ಲಿ ಮಾಸಿಹೋಗಬಹುದಾದ ಎರಡು ಋಣಚಿಹ್ನೆಗಳು ಒಂದು, ಪ್ರಶ್ನೆಯ ವಾಕ್ಯದಲ್ಲಿರುವ ‘ಏರುತ್ತದೆ’ ಎಂಬ ದಿಕ್ಕು ಇನ್ನೊಂದು.

ಮೊದಲು ಪ್ರಾಕ್ಕಲ್ಪನೆಗಳನ್ನು ನೋಡೋಣ. ಈ ಹನ್ನೆರಡು ಜನ ಯಾವ ದೊಡ್ಡ ಸಮೂಹಕ್ಕೆ ಸೇರಿದವರೋ ಅಲ್ಲಿ ಆಗುವ ಸರಾಸರಿ ಬದಲಾವಣೆಯನ್ನು μ ಎನ್ನೋಣ. ಪ್ರಚೋದಕದಿಂದ ಸರಾಸರಿಯಲ್ಲಿ ಏನೂ ಆಗುವುದಿಲ್ಲ ಎಂಬುದು ಶೂನ್ಯ ಪ್ರಾಕ್ಕಲ್ಪನೆ, H0: μ = 0. ಪರ್ಯಾಯ ಪ್ರಾಕ್ಕಲ್ಪನೆಯನ್ನು ಬರೆಯುವಾಗ ಪ್ರಶ್ನೆಯ ವಾಕ್ಯವನ್ನೇ ಕೇಳಬೇಕು. ‘ಬದಲಾಗುತ್ತದೆಯೇ’ ಎಂದು ಅಲ್ಲಿ ಕೇಳಿಲ್ಲ, ‘ಏರುತ್ತದೆಯೇ’ ಎಂದು ಕೇಳಿದೆ. ಹಾಗಾಗಿ H1: μ > 0, ಅಂದರೆ ಇದು ಒಂದು ಬದಿಯ ಪರೀಕ್ಷೆ. ಆದರೆ ಪ್ರಶ್ನೆಯ ಕೊನೆಯಲ್ಲಿ ಕೊಟ್ಟ 2.201 ಎರಡು ಬದಿಯ ಪರೀಕ್ಷೆಯ ಬೆಲೆ. 11 ಡಿಗ್ರಿ ಆಫ್ ಫ್ರೀಡಂನಲ್ಲಿ ಅದು ಬಲಕ್ಕೆ ಶೇ. 2.5, ಎಡಕ್ಕೆ ಶೇ. 2.5 ಭಾಗವನ್ನು ಬಿಡುತ್ತದೆ. ಒಂದು ಬದಿಗೆ ಶೇ. 5 ಇಡಬೇಕಾದರೆ ಬೆಲೆ 1.796. ಪ್ರಶ್ನೆಯ ವಾಕ್ಯ ಒಂದು ಕಡೆ, ಕೊಟ್ಟ ಅಂಕಿ ಇನ್ನೊಂದು ಕಡೆ ಎಳೆಯುತ್ತಿರುವುದನ್ನು ವಿದ್ಯಾರ್ಥಿ ಗಮನಿಸಬೇಕು. H1ರಲ್ಲಿ ತಾನು ಯಾವುದನ್ನು ಹಿಡಿದೆ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು.

ಇನ್ನು ಲೆಕ್ಕ. ಹನ್ನೆರಡು ಅಂಕಿಗಳ ಮೊತ್ತ 31, ಸರಾಸರಿ 2.583. ವರ್ಗಗಳ ಮೊತ್ತ 185. ಇದರಿಂದ 31²/12, ಅಂದರೆ 80.083 ಕಳೆದರೆ 104.917 ಉಳಿಯುತ್ತದೆ. ಅದನ್ನು 11ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ s = 3.088. ಪರೀಕ್ಷಾ ಬೆಲೆ ಹೀಗೆ ಬರುತ್ತದೆ:

t = (x̄ − 0) / (s/√n) = 2.583 / (3.088/√12) = 2.583 / 0.8915 ≈ 2.90

ಇಲ್ಲಿ ಎಡವುವ ಒಂದು ಜಾಗವಿದೆ. 11ರ ಬದಲು 12ರಿಂದ ಭಾಗಿಸಿ ವಿಚಲನೆ ತೆಗೆದವರು ಸೂತ್ರದ ಕೆಳಗೆ √n ಬದಲು √(n−1) ಹಾಕಬೇಕು, ಆಗ ಅದೇ 2.90 ಬರುತ್ತದೆ. ಎರಡು ಕಡೆಯೂ 12 ಇಟ್ಟುಕೊಂಡರೆ 3.03 ಬಂದು ಸಾಕ್ಷ್ಯ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಹನ್ನೆರಡರಂಥ ಸಣ್ಣ ಮಾದರಿಯಲ್ಲಿ ಈ ವ್ಯತ್ಯಾಸ ಕಡೆಗಣಿಸುವಂಥದ್ದಲ್ಲ. ಡಬ್ಲಿನ್‌ನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಈ ವಿತರಣೆಯನ್ನು ಪ್ರಕಟಿಸಿದ್ದು ಸಣ್ಣ ಮಾದರಿಗಳ ಇದೇ ತೊಡಕಿಗಾಗಿ. ಅವನು ಎತ್ತಿಕೊಂಡ ಉದಾಹರಣೆಯೂ ಇಂಥದ್ದೇ: ಹತ್ತು ರೋಗಿಗಳಿಗೆ ಔಷಧಿಯಿಂದ ಹೆಚ್ಚಿದ ನಿದ್ದೆಯ ಗಂಟೆಗಳು.

2.90 ಎಂಬುದು 1.796ಕ್ಕಿಂತಲೂ ದೊಡ್ಡದು, 2.201ಕ್ಕಿಂತಲೂ ದೊಡ್ಡದು. ಹಾಗಾಗಿ ಶೇ. 5ರ ಮಟ್ಟದಲ್ಲಿ ಯಾವ ಬದಿ ಹಿಡಿದರೂ ಶೂನ್ಯ ಪ್ರಾಕ್ಕಲ್ಪನೆ ತಿರಸ್ಕೃತವಾಗುತ್ತದೆ. ಪರೀಕ್ಷಕರೂ ವಿದ್ಯಾರ್ಥಿಗಳೂ ಒಂದು ಬದಿಯೋ ಎರಡು ಬದಿಯೋ ಎಂದು ತಲೆ ಕೆಡಿಸಿಕೊಳ್ಳದೆ ಮುಂದೆ ಹೋಗಲು ಸಾಧ್ಯವಾಗುವುದು ಈ ಕಾರಣದಿಂದಲೇ ಇರಬೇಕು. ಮಟ್ಟವನ್ನು ಶೇ. 1ಕ್ಕೆ ಇಳಿಸಿದರೆ ಕಥೆ ಬೇರೆ. ಒಂದು ಬದಿಯ ಬೆಲೆ 2.718, ಎರಡು ಬದಿಯದು 3.106. ನಮ್ಮ 2.90 ಸರಿಯಾಗಿ ಇವೆರಡರ ನಡುವೆ ಬೀಳುತ್ತದೆ. ಅಂದರೆ ಇಲ್ಲಿ ತೀರ್ಪನ್ನು ಕೊಡುವುದು H1 ಬರೆದ ಆ ಒಂದು ಸಾಲು. ದತ್ತಾಂಶ ನೋಡಿದ ಮೇಲೆ ಅದನ್ನು ಬದಲಿಸಿಕೊಳ್ಳುವುದು ಅನ್ಯಾಯ. ಪ್ರಶ್ನೆಯನ್ನು ಓದಿದ ಕೂಡಲೇ ಅದನ್ನು ಬರೆದಿಡಬೇಕು.

ಈಗ ಫೋಟೊದ ಮಾತು. ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ತೆಗೆದ ಚಿತ್ರ ಎರಡು ಮೂರು ಕೈ ದಾಟುವಾಗ ಸಂಕುಚಿತಗೊಂಡು ತೆಳುಗೆರೆಗಳನ್ನು ಕಳೆದುಕೊಳ್ಳುತ್ತದೆ. −1 ಮತ್ತು −2ರ ಮುಂದಿನ ಗೆರೆಗಳು ಹೀಗೆ ಹೋದವೆಂದುಕೊಳ್ಳೋಣ. ಮೊತ್ತ 31 ಹೋಗಿ 37 ಆಗುತ್ತದೆ, ಸರಾಸರಿ 3.083. ಆದರೆ ವರ್ಗಗಳ ಮೊತ್ತ 185 ಆಗಿಯೇ ಉಳಿಯುತ್ತದೆ. ಚಿಹ್ನೆ ಯಾವುದಾದರೂ ವರ್ಗ ಒಂದೇ ತಾನೆ. ಗೆಳೆಯರ ಉತ್ತರದೊಂದಿಗೆ 185ನ್ನು ತಾಳೆ ನೋಡಿ ‘ಸರಿ ಇದೆ’ ಎಂದು ಮುಂದುವರಿಯುವವರಿಗೆ ತಪ್ಪು ಸಿಗುವುದೇ ಇಲ್ಲ. s ಕುಗ್ಗಿ 2.539 ಆಗುತ್ತದೆ, t ಜಿಗಿದು 4.21ಕ್ಕೆ ಬರುತ್ತದೆ. ಅದು ಶೇ. 1ರ ಎರಡು ಬದಿಯ ಬೆಲೆಯನ್ನೂ ದಾಟಿಬಿಡುತ್ತದೆ, ಆದರೆ ನಿಜವಾದ ದತ್ತಾಂಶ ಅದನ್ನು ದಾಟಿರಲಿಲ್ಲ. ತಾಳೆ ನೋಡಬೇಕಾದ್ದು ಅಂಕಿಗಳ ಮೊತ್ತವನ್ನು. ಫೋಟೊವನ್ನು ದೊಡ್ಡದು ಮಾಡಿ ನೋಡಿದಾಗ 8ಕ್ಕೂ 1ಕ್ಕೂ, 6ಕ್ಕೂ 2ಕ್ಕೂ ನಡುವೆ ಬೇರೆ ಅಂಕಿಗಳ ನಡುವೆ ಇಲ್ಲದಷ್ಟು ಜಾಗವಿದ್ದರೆ ಅಲ್ಲೊಂದು ಗೆರೆ ಇತ್ತೆಂದು ಅನುಮಾನಿಸಬೇಕು.

ಆ ಎರಡು ಗೆರೆಗಳ ತೂಕವನ್ನು ಇನ್ನೊಂದು ಪರೀಕ್ಷೆಯಿಂದಲೂ ಅಳೆಯಬಹುದು. t-ಪರೀಕ್ಷೆ ದತ್ತಾಂಶ ಹೆಚ್ಚುಕಡಿಮೆ ಪ್ರಸಾಮಾನ್ಯ ವಿತರಣೆಯಿಂದ ಬಂದಿದೆ ಎಂದು ನಂಬಿಕೊಳ್ಳುತ್ತದೆ. ಆ ನಂಬಿಕೆ ಬೇಡವೆಂದರೆ ಚಿಹ್ನೆಗಳನ್ನು ಮಾತ್ರ ಎಣಿಸಬಹುದು. ಎರಡು ಸೊನ್ನೆಗಳನ್ನು ಬಿಟ್ಟರೆ ಹತ್ತರಲ್ಲಿ ಎಂಟು ಧನ, ಎರಡು ಋಣ. ಏರಿಕೆಗೂ ಇಳಿಕೆಗೂ ಸಮಾನ ಅವಕಾಶವಿದ್ದರೆ ಎಂಟು ಅಥವಾ ಹೆಚ್ಚು ಧನ ಬರುವ ಸಂಭವನೀಯತೆ 56/1024, ಅಂದರೆ ಶೇ. 5.5ರಷ್ಟು. ಶೇ. 5ರ ಗೆರೆಯನ್ನು ಈ ಪರೀಕ್ಷೆ ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತದೆ. ಅಂಕಿಗಳ ಗಾತ್ರವನ್ನು ಅದು ಬಿಟ್ಟುಬಿಡುವುದರಿಂದ ಅದರ ಶಕ್ತಿ ಕಡಿಮೆ, ಹಾಗಾಗಿ t-ಪರೀಕ್ಷೆಯನ್ನು ಅದು ಸುಳ್ಳಾಗಿಸುವುದಿಲ್ಲ. ಆದರೆ ಋಣಚಿಹ್ನೆಗಳು ಮಾಸಿದ್ದರೆ ಹತ್ತಕ್ಕೆ ಹತ್ತೂ ಧನವಾಗಿ ಅದೇ ಸಂಭವನೀಯತೆ 1/1024ಕ್ಕೆ ಇಳಿಯುತ್ತಿತ್ತು.

ಕೊನೆಯ ಸಾಲನ್ನು ಹೇಗೆ ಬರೆಯಬೇಕು? ‘H0 ತಿರಸ್ಕೃತ’ ಎಂದಷ್ಟೇ ಬರೆದು ನಿಲ್ಲಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಪ್ರಶ್ನೆ ಕೇಳಿದ್ದು ರಕ್ತದೊತ್ತಡದ ಬಗ್ಗೆ. ನಾನು ಬರೆಯುವುದು ಹೀಗೆ: ‘ಪ್ರಚೋದಕ ಕೊಟ್ಟ ಮೇಲೆ ಈ ಹನ್ನೆರಡು ಜನರ ರಕ್ತದೊತ್ತಡ ಸರಾಸರಿ 2.6ರಷ್ಟು ಏರಿತು. ನಿಜವಾಗಿ ಏನೂ ಪರಿಣಾಮವಿಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ t ಬೆಲೆ ಆಕಸ್ಮಿಕವಾಗಿ ಬರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಬಾರಿ. ಆದ್ದರಿಂದ ಇಂಥ ರೋಗಿಗಳಲ್ಲಿ ಸರಾಸರಿ ರಕ್ತದೊತ್ತಡ ಏರಿತೆಂದು ಶೇ. 5ರ ಮಟ್ಟದಲ್ಲಿ ಹೇಳಬಹುದು.’ ಇದಕ್ಕೆ ಶೇ. 95ರ ವ್ಯಾಪ್ತಿಯನ್ನೂ ಸೇರಿಸಿದರೆ ಒಳ್ಳೆಯದು: 0.62ರಿಂದ 4.55. ಏರಿಕೆ ಇದೆ, ಆದರೆ ಅದು ಅರ್ಧಕ್ಕಿಂತ ತುಸು ಹೆಚ್ಚೋ ನಾಲ್ಕೂವರೆಯೋ ಎಂದು ಹನ್ನೆರಡು ಜನರಿಂದ ಗೊತ್ತಾಗುವುದಿಲ್ಲ.

ಏರಿಕೆಗೆ ಪ್ರಚೋದಕವೇ ಕಾರಣ ಎಂದು ಮಾತ್ರ ಬರೆಯಲಾಗದು. ಪ್ರಚೋದಕ ಪಡೆಯದ ಇನ್ನೊಂದು ಗುಂಪು ಈ ಲೆಕ್ಕದಲ್ಲಿ ಇಲ್ಲ. ಸೂಜಿ ಕಂಡ ಅಳುಕಿನಿಂದಲೂ ರಕ್ತದೊತ್ತಡ ಏರುತ್ತದೆ. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರಚೋದಕ, ಇನ್ನೊಂದಕ್ಕೆ ಅದೇ ರೂಪದ ನಿಷ್ಕ್ರಿಯ ವಸ್ತು ಕೊಟ್ಟು, ಎರಡು ಸರಾಸರಿಗಳ ವ್ಯತ್ಯಾಸಕ್ಕೆ t ಕಂಡುಹಿಡಿದಿದ್ದರೆ ಆ ಮಾತಿಗೆ ಆಧಾರವಿರುತ್ತಿತ್ತು.