ಕಳವಾದ ಗ್ರಿಡ್, ಕಿರ್ಚಾಫ್‌ನ ಮರ

2020ರ ಅಕ್ಟೋಬರ್ 12, ಬೆಳಿಗ್ಗೆ ಸುಮಾರು 10 ಗಂಟೆ. ನಮ್ಮಲ್ಲಿ ಹೆಚ್ಚಿನವರು ವರ್ಕ್ ಫ್ರಮ್ ಹೋಮ್. ಮುಂಬೈ, ಠಾಣೆ, ನವಿ ಮುಂಬೈ ಮೂರೂ ಕಡೆ ಕರೆಂಟ್ ಹೋಯ್ತು, ಲೋಕಲ್ ರೈಲುಗಳೂ ನಿಂತವು. ಆವತ್ತು ಸುದ್ದಿಯಲ್ಲಿ ಪದೇ ಪದೇ ಕೇಳಿದ ಹೆಸರು ಕಳವಾ-ಪಡಘೆ 400 ಕೆವಿ ಲೈನ್. ಇದನ್ನ ಅರ್ಥಮಾಡಿಕೊಳ್ಳೋಕೆ 1847ಕ್ಕೆ ಹೋಗಬೇಕು.

ಗುಸ್ತಾವ್ ಕಿರ್ಚಾಫ್ ತನ್ನ ಎರಡು ನಿಯಮಗಳನ್ನು ಕೊಟ್ಟಿದ್ದು 1845ರಲ್ಲಿ. ನಿಯಮ ಸುಲಭ, ಸಮಸ್ಯೆ ಬೇರೆ: ದೊಡ್ಡ ಜಾಲದಲ್ಲಿ ನೂರಾರು ಸಮೀಕರಣ ಬರೆಯಬಹುದು, ಅವುಗಳಲ್ಲಿ ಹಲವು ಹಳೆಯದನ್ನೇ ಮತ್ತೆ ಹೇಳುತ್ತವೆ. ಯಾವುದನ್ನು ಇಟ್ಟುಕೊಳ್ಳೋದು? 1847ರಲ್ಲಿ ಅವನು ಕೊಟ್ಟ ಉತ್ತರದ ತಿರುಳು ಮರ, ಅಂದ್ರೆ ಟ್ರೀ.

ಕಲಿಯೋಕೆ ಅಂತ ಸರಳ ಮಾಡಿದ ಚಿತ್ರ ನೋಡಿ. ನಾಲ್ಕು ನೋಡ್: ಪಡಘೆ, ಕಳವಾ, ಖಾರಘರ್, ಪುಣೆ. ಐದು ಲೈನ್: 1 ಮತ್ತು 2 ಪಡಘೆಯಿಂದ ಕಳವಾಕ್ಕೆ, 3 ಕಳವಾದಿಂದ ಖಾರಘರ್‌ಗೆ, 4 ಪುಣೆಯಿಂದ ಖಾರಘರ್‌ಗೆ, 5 ಪಡಘೆಯಿಂದ ಪುಣೆಗೆ. ಎಲ್ಲಾ ನೋಡ್ ಸೇರಬೇಕು, ಲೂಪ್ ಇರಬಾರದು, ಅದೇ ಟ್ರೀ. ನಾವು 1, 3, 5 ತಗೊಳ್ಳೋಣ. ಉಳಿದ 2 ಮತ್ತು 4 ಲಿಂಕ್‌ಗಳು.

ಈಗ ಟ್ರೀಯಿಂದ 1ನೇ ಲೈನ್ ಕತ್ತರಿಸಿ. ಒಂದು ಕಡೆ ಕಳವಾ-ಖಾರಘರ್, ಇನ್ನೊಂದು ಕಡೆ ಪಡಘೆ-ಪುಣೆ. ಈ ಗಡಿ ದಾಟುವ ಲೈನ್‌ಗಳು 1, 2, 4. ಇದೇ ಒಂದು ಫಂಡಮೆಂಟಲ್ ಕಟ್‌ಸೆಟ್. ಕಳವಾದ ಲೋಡ್ 500 ಆಂಪಿಯರ್, ಖಾರಘರ್‌ನದು 300 ಅಂದುಕೊಳ್ಳಿ:

```
i1 + i2 + i4 = 800
```

3 ಕತ್ತರಿಸಿದರೆ ಗಡಿಯಲ್ಲಿ 3 ಮತ್ತು 4, 5 ಕತ್ತರಿಸಿದರೆ 5 ಮತ್ತು 4. ಪ್ರತಿ ಸಮೀಕರಣದಲ್ಲೂ ಟ್ರೀಯ ಒಂದೇ ಲೈನ್ ಇದೆ, ಅದು ಬೇರೆ ಯಾವುದರಲ್ಲೂ ಇಲ್ಲ. ಹಾಗಾಗಿ ಒಂದನ್ನು ಇನ್ನೆರಡರಿಂದ ಹುಟ್ಟಿಸೋಕೆ ಆಗಲ್ಲ. ಹಾಗೇ ಪ್ರತಿ ಲಿಂಕ್ ಸೇರಿಸಿದಾಗ ಒಂದು ಲೂಪ್: 2ಕ್ಕೆ 1ರ ಜೊತೆ, 4ಕ್ಕೆ 3, 1, 5ರ ಜೊತೆ. ಕಟ್‌ಸೆಟ್ ಮೂರು, ಲೂಪ್ ಎರಡು. ಅಜ್ಞಾತ ಕರೆಂಟ್ ಐದು, ಸಮೀಕರಣ ಐದು.

ಟ್ರೀ ಇಲ್ಲದೆ ನಾಲ್ಕೂ ನೋಡ್‌ಗೆ ಬರೆದರೆ? ನಾಲ್ಕನೆಯದು ಉಳಿದ ಮೂರರ ಮೊತ್ತವೇ. ಲೂಪ್‌ಗಳೂ ಕಣ್ಣಿಗೆ ಮೂರು ಕಾಣುತ್ತವೆ, 2-3-4-5 ಮೂರನೆಯದು, ಅದು ಮೊದಲಿನ ಎರಡರಿಂದಲೇ ಬರುತ್ತೆ. ಪ್ರೋಗ್ರಾಂನಲ್ಲಿ ಇದು ಗೊತ್ತಾಗೋದು ಮ್ಯಾಟ್ರಿಕ್ಸ್ ಸಿಂಗ್ಯುಲರ್ ಅಂತ ಎರರ್ ಬಂದಾಗ.

ಈಗ ಆ ಬೆಳಿಗ್ಗೆಗೆ ಬನ್ನಿ. ಮೇಲಿನ ಸಮೀಕರಣದಲ್ಲಿ 1 ಮತ್ತು 2 ತಲಾ 300, 4 ಅದರಲ್ಲಿ 200 ಹೊರುತ್ತಿವೆ ಅನ್ನಿ. 4 ಬಿದ್ದರೂ, 1 ಬಿದ್ದರೂ ಬಲಗಡೆಯ 800 ಕಡಿಮೆ ಆಗಲ್ಲ. ಪೂರ್ತಿ ಹೊರೆ 2ನೇ ಲೈನ್ ಮೇಲೆ. ಅದೂ ಟ್ರಿಪ್ ಆದರೆ ಕಟ್‌ಸೆಟ್ ಪೂರ್ತಿ ಖಾಲಿ, ಒಳಗಿನ ಊರು ದ್ವೀಪ. ಒಳಗಿನ ಉತ್ಪಾದನೆ ಸಾಲದಿದ್ದರೆ ಕತ್ತಲು. ನಿಜವಾದ ಗ್ರಿಡ್‌ನಲ್ಲಿ ಲೈನ್‌ಗಳು ಇನ್ನೂ ಹೆಚ್ಚು, ಆದರೆ ಆವತ್ತು ಆಗಿದ್ದೂ ಇದೇ ಜಾತಿಯದು.

ಕಟ್‌ಸೆಟ್ ಒಟ್ಟು ಎಷ್ಟು ಅಂತ ಹೇಳುತ್ತೆ, ಯಾವ ಲೈನ್‌ಗೆ ಎಷ್ಟು ಪಾಲು ಅಂತ ಹೇಳಲ್ಲ. ಅದಕ್ಕೆ ಲೈನಿನ ಇಂಪಿಡೆನ್ಸ್ ಹಾಕಿ ಲೂಪ್ ಸಮೀಕರಣ ಬಿಡಿಸಲೇಬೇಕು.