ಡಿಸ್ಚಾರ್ಜ್ ಸಮ್ಮರಿಯಿಂದ ಮನೆಚೀಟಿಯವರೆಗೆ

ಡಿಸ್ಚಾರ್ಜ್ ಸಮ್ಮರಿಯನ್ನು ಕನ್ನಡಕ್ಕೆ ತಂದುಬಿಟ್ಟರೆ ಮನೆಯವರಿಗೆ ಎಲ್ಲ ತಿಳಿಯುತ್ತದೆ ಎಂಬ ಮಾತು ಈಗ ಹೆಚ್ಚು ಕೇಳಿಬರುತ್ತಿದೆ. ಶುಶ್ರೂಷೆಯಲ್ಲೇ ತಲೆ ನರೆಸಿಕೊಂಡ ನನಗೆ ಇದು ಒಪ್ಪಿಗೆಯಿಲ್ಲ. ಸಮ್ಮರಿ ಇರುವುದು ಮುಂದಿನ ವೈದ್ಯರಿಗೆ, ಆಸ್ಪತ್ರೆಯಲ್ಲಿ ಏನು ಮಾಡಿದೆವು ಎಂದು ತಿಳಿಸಲು. ಮನೆಯವರಿಗೆ ಬೇಕಾದದ್ದು ನಾಳೆ ಬೆಳಿಗ್ಗೆಯಿಂದ ಏನು ಮಾಡಬೇಕೆಂಬುದು.

ಓದುಗರಿಗೆ ತಿಳಿಯುವಂತೆ ಬರೆಯುವ ಪ್ರಯತ್ನದಲ್ಲಿ ಮೊದಲ ಘಟ್ಟದ್ದು ಅಳತೆಯ ಗೀಳು. 1948ರ ಫ್ಲೆಶ್ ಸೂತ್ರ ವಾಕ್ಯದ ಉದ್ದವನ್ನೂ ಪದದ ಉಚ್ಚಾರಾಂಶಗಳನ್ನೂ ಎಣಿಸಿ ಓದಿನ ಸುಲಭತೆ ಹೇಳುತ್ತಿತ್ತು. ಪ್ರತ್ಯಯಗಳು ಬೆಸೆದು ಪದ ಉದ್ದವಾಗುವ ಕನ್ನಡಕ್ಕೆ ಅದು ಹೊಂದುವುದಿಲ್ಲ.

ನಿಜವಾದ ತಿರುವು ನಮ್ಮ ಕಾಲದಲ್ಲಿ ಬಂತು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಡಿಮೆ ಓದು ಬಲ್ಲವರ ಪೈಕಿ ಸುಮಾರು ನೂರಕ್ಕೆ 71 ಜನ ‘ದಿನಕ್ಕೆರಡು ಸಲ ಎರಡೆರಡು ಮಾತ್ರೆ’ ಎಂಬ ಸೂಚನೆಯನ್ನು ಸರಿಯಾಗಿ ಹೇಳಿದರು. ದಿನದ ಮಾತ್ರೆ ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು ಸುಮಾರು 35 ಜನ. ಓದುವುದೇ ಬೇರೆ, ಮಾಡುವುದೇ ಬೇರೆ. ಹೇಳಿದ್ದನ್ನು ಮನೆಯವರ ಬಾಯಿಂದಲೇ ಮರಳಿ ಕೇಳುವ ‘ಟೀಚ್-ಬ್ಯಾಕ್’ ಪದ್ಧತಿಗೆ ಬಲ ಬಂದದ್ದು ಇಂಥ ಅರಿವಿನಿಂದ. 2009ರಲ್ಲಿ ಫಲಿತಾಂಶ ಪ್ರಕಟಿಸಿದ ಬಾಸ್ಟನ್ನಿನ ‘ಪ್ರಾಜೆಕ್ಟ್ ರೆಡ್’ ಮನೆಗೆ ಹೊರಟವರಿಗೆ ತಿಳಿಸಿ ಹೇಳುವ ಕೆಲಸಕ್ಕೆಂದೇ ಒಬ್ಬ ನರ್ಸನ್ನು ನೇಮಿಸಿ, ಸರಳ ಪುಸ್ತಿಕೆ ಕೊಟ್ಟು, ಕೆಲವು ದಿನಗಳಲ್ಲಿ ಫಾರ್ಮಸಿಸ್ಟರಿಂದ ಫೋನ್ ಮಾಡಿಸಿತು. ಮುಂದಿನ 30 ದಿನಗಳಲ್ಲಿ ಆಸ್ಪತ್ರೆಗೆ ಮರಳುವುದು ಸುಮಾರು ಶೇ. 30ರಷ್ಟು ತಗ್ಗಿತು. ಎಲ್ಲರೂ ನಕಲು ಮಾಡಿದ್ದು ಪುಸ್ತಿಕೆಯನ್ನು, ನರ್ಸನ್ನಲ್ಲ.

ಹೃದಯ ವೈಫಲ್ಯದ ಸಮ್ಮರಿಯೊಂದನ್ನು ನೋಡೋಣ. ‘ಫ್ಯೂರೋಸೆಮೈಡ್ 40 ಎಂಜಿ 1-0-0, ಫ್ಲೂಯಿಡ್ 1.5 ಲೀಟರ್, ಅವಾಯ್ಡ್ ಎನ್‌ಎಸ್‌ಎಐಡಿ, ರಿವ್ಯೂ ಎಸ್‌ಒಎಸ್’ ಎಂದಿರುತ್ತದೆ. ಮನೆಚೀಟಿಯಲ್ಲಿ ಇದು ಹೀಗಾಗಬೇಕು:

ಬೆಳಿಗ್ಗೆ ಈ ಮಾತ್ರೆ ಒಂದು. ಮೂತ್ರ ಜಾಸ್ತಿ ಹೋಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ.
ನೀರು, ಕಾಫಿ, ಮಜ್ಜಿಗೆ, ಗಂಜಿ ಎಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರ್.
ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಿ.
ಮಲಗಿದಾಗ ಉಸಿರು ಕಟ್ಟಿದರೆ ಕೂಡಲೇ ಬನ್ನಿ.
ಮಂಡಿ ನೋವಿಗೆ ನುಂಗುತ್ತಿದ್ದ ಡೈಕ್ಲೋಫೆನಾಕ್ ಇನ್ನು ಬೇಡ.

ತೂಕದ ಸಾಲು ಮೂಲದಲ್ಲಿ ಇರಲೇ ಇಲ್ಲ. ಬರೀ ಮೊಟಕು ಮಾಡುತ್ತ ಹೋದವರಿಗೆ ಅದು ಹೊಳೆಯುವುದಿಲ್ಲ. ಕೊನೆಯ ಸಾಲಂತೂ ಇನ್ನೂ ಕಷ್ಟದ್ದು. ‘ಎನ್‌ಎಸ್‌ಎಐಡಿ’ ಎಂದರೆ ಮೆಡಿಕಲ್ ಶಾಪಿನಿಂದ ತಂದ ಆ ನೋವಿನ ಮಾತ್ರೆಯೇ ಎಂದು ಮನೆಯವರಿಗೆ ಹೇಗೆ ಗೊತ್ತಾಗಬೇಕು? ಅದು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಫ್ಯೂರೋಸೆಮೈಡಿನ ಕೆಲಸ ಕೆಡಿಸುತ್ತದೆ.

ಇಲ್ಲಿಯೂ ಬೆಂಗಳೂರಿನ ನಾರಾಯಣ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದ ನೂರಾ ಹೆಲ್ತ್ ಸಂಸ್ಥೆ ಮನೆಯವರಿಗೆ ವಾರ್ಡಿನಲ್ಲೇ ತರಬೇತಿ ಕೊಡುವ ದಾರಿ ತೋರಿಸಿದೆ. ಆದರೆ ನಿಲ್ಲಿಸಬೇಕಾದ ಮಾತ್ರೆಗಳ ಪಟ್ಟಿ ರೋಗಿಯಿಂದ ರೋಗಿಗೆ ಬೇರೆ. ಮನೆಯ ಮಾತ್ರೆಗಳ ಕವರ್ ತರಿಸಿ ನೋಡದೆ ಅದನ್ನು ಬರೆಯಲಾಗದು. ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಅದಕ್ಕೆ ಬಿಡುವಿಲ್ಲ. ಹಿಂದಿನ ದಿನವೇ ಆಗಬೇಕು, ಅದಕ್ಕೊಬ್ಬ ನರ್ಸ್ ಇರಬೇಕು. ಡ್ಯೂಟಿ ಪಟ್ಟಿಯಲ್ಲಿ ಆ ಕೆಲಸಕ್ಕೆ ಇನ್ನೂ ಯಾರ ಹೆಸರೂ ಇಲ್ಲ.