ರಾಯಚೂರು ಯುದ್ಧದ ದಿನ ಆಕಾಶದಲ್ಲಿ ಎಷ್ಟನೆಯ ಚಂದ್ರ?

ನಮ್ಮ ಸಿರುಗುಪ್ಪದ ಮನೆಯಲ್ಲಿ ಬೇಸಿಗೆಯ ರಾತ್ರಿ ಕರೆಂಟು ಹೋದರೆ ಎಲ್ಲರೂ ಮಾಳಿಗೆ ಹತ್ತುತ್ತಿದ್ದೆವು. ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಚಂದ್ರನನ್ನು ನೋಡಿ ತಿಥಿ ಹೇಳುತ್ತಿದ್ದಳು. ಒಂದು ಸಂಜೆ ನಾನು ಕ್ಯಾಲೆಂಡರ್ ನೋಡಿಕೊಂಡು ಬಂದು "ಅಜ್ಜೀ, ಇವತ್ತು ಬಿದಿಗಿ" ಎಂದೆ. ಆಕೆ ತಲೆ ಎತ್ತಿ ನೋಡಿ, "ಬಿದಿಗಿ ಎಲ್ಲೈತೋ, ತದಿಗಿ ಹತ್ಯದ. ಬಿದಿಗಿ ಚಂದ್ರ ಆಗಿದ್ರ ಇಷ್ಟೊತ್ತಿಗೆ ಮುಣುಗಿರ್ತಿದ್ದ" ಎಂದಳು. ಕ್ಯಾಲೆಂಡರಿನಲ್ಲಿ ಬಿದಿಗೆ ಎಂದೇ ಇತ್ತು. ಅಜ್ಜಿ ತಪ್ಪು ಹೇಳಿದಳು ಅಂತ ನಾನು ಬಹಳ ದಿನ ನಕ್ಕಿದ್ದೆ. ಆಕೆ ಹೇಳಿದ್ದು ಸರಿಯಾಗಿತ್ತು ಅಂತ ಅರ್ಥವಾಗಿದ್ದು ಎಷ್ಟೋ ವರ್ಷಗಳ ನಂತರ, ಕೃಷ್ಣದೇವರಾಯನ ಒಂದು ಯುದ್ಧದ ತಾರೀಖನ್ನು ಓದುವಾಗ.

ಆ ಯುದ್ಧ ನಮಗೆ ದೂರದ್ದಲ್ಲ. ಸಿರುಗುಪ್ಪದಿಂದ ಸಿಂಧನೂರಿಗೆ ಹೋಗುವಾಗ ತುಂಗಭದ್ರೆಯ ಸೇತುವೆ ದಾಟಿದರೆ ಆಚೆಗೆ ರಾಯಚೂರು ಜಿಲ್ಲೆ. ತುಂಗಭದ್ರೆಗೂ ಕೃಷ್ಣೆಗೂ ನಡುವಿನ ಆ ನೆಲಕ್ಕಾಗಿಯೇ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ಹೊಡೆದಾಡಿದ್ದು. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆ ದಾಟಿ ಬಂದ, ಸೋತ, ಅವನ ಸೈನ್ಯದ ಬಹಳಷ್ಟು ಜನ ಓಡುವಾಗ ಹೊಳೆಯ ಪಾಲಾದರು. ಇದನ್ನು ವಿವರವಾಗಿ ಬರೆದಿಟ್ಟವನು ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಯುದ್ಧವಾಗಿ ಸುಮಾರು ಹದಿನೈದು ವರ್ಷಗಳ ನಂತರ ಅವನು ವಿಜಯನಗರದಲ್ಲಿದ್ದ.

ನ್ಯೂನಿಜ್ ಯುದ್ಧದ ದಿನದ ಬಗ್ಗೆ ಮೂರು ಮಾತು ಹೇಳುತ್ತಾನೆ. ವರ್ಷ 1522. ಮೇ ತಿಂಗಳ 'ಹೊಸ ಚಂದ್ರ'ನ ದಿನ. ವಾರ ಶನಿವಾರ. ಶನಿವಾರ ಯಾಕೆ ಎಂಬುದಕ್ಕೂ ಕಥೆ ಇದೆ. ರಾಯ ಶುಕ್ರವಾರವೇ ಮೇಲೆ ಬೀಳಬೇಕೆಂದಿದ್ದನಂತೆ. ಅವನ ಕಡೆಯವರು ಶುಕ್ರವಾರ ಒಳ್ಳೆಯದಲ್ಲ, ಶನಿವಾರ ಬೆಳಗ್ಗೆ ಹೊರಡೋಣ ಎಂದರಂತೆ. ಬೆಳಕು ಹರಿಯುವ ಹೊತ್ತಿಗೆ ಕಾಳಗ ಶುರುವಾಯಿತು.

ಈ ಮೂರೂ ಒಟ್ಟಿಗೆ ನಿಲ್ಲುವುದಿಲ್ಲ. ಯಾಕೆಂದು ನೋಡಬೇಕಾದರೆ ತಿಥಿಯ ಲೆಕ್ಕ ಸ್ವಲ್ಪ ಬೇಕು.

ಸೂರ್ಯ ಚಂದ್ರ ಒಂದೇ ದಿಕ್ಕಿನಲ್ಲಿ ಕೂಡುವ ಕ್ಷಣಕ್ಕೆ ಅಮಾವಾಸ್ಯೆ ಮುಗಿಯುತ್ತದೆ. ಅಲ್ಲಿಂದ ಚಂದ್ರ ಸೂರ್ಯನಿಂದ ಪೂರ್ವಕ್ಕೆ ಸರಿಯುತ್ತಾ ಹೋಗುತ್ತಾನೆ. ಹೀಗೆ 12 ಡಿಗ್ರಿ ದೂರವಾದರೆ ಒಂದು ತಿಥಿ ಮುಗಿದಂತೆ. 180 ಡಿಗ್ರಿಗೆ ಹುಣ್ಣಿಮೆ ಮುಗಿದು ಶುಕ್ಲಪಕ್ಷ ಪೂರ್ತಿಯಾಗುತ್ತದೆ, ಉಳಿದ ಅರ್ಧ ಕೃಷ್ಣಪಕ್ಷ. ಇಪ್ಪತ್ತೊಂಬತ್ತೂವರೆ ದಿನದಲ್ಲಿ ಮೂವತ್ತು ತಿಥಿಗಳು ಮುಗಿಯಬೇಕು, ಹಾಗಾಗಿ ಒಂದು ತಿಥಿ ಸರಾಸರಿ ಒಂದು ದಿನಕ್ಕಿಂತ ಸ್ವಲ್ಪ ಕಡಿಮೆ. ಚಂದ್ರನ ಓಟ ಒಂದೇ ಸಮ ಇರುವುದಿಲ್ಲವಾದ್ದರಿಂದ ಕೆಲವು ತಿಥಿ 20 ಗಂಟೆಯೊಳಗೇ ಮುಗಿಯುತ್ತದೆ, ಕೆಲವು 26 ಗಂಟೆಯಷ್ಟು ಎಳೆಯುತ್ತದೆ. ಎಲ್ಲಿ ಬೇಕಾದರೂ ಶುರುವಾಗಬಹುದು, ನಡು ಮಧ್ಯಾಹ್ನದಲ್ಲೂ. ಪಂಚಾಂಗದವರು ಸೂರ್ಯ ಹುಟ್ಟುವಾಗ ಯಾವ ತಿಥಿ ನಡೆಯುತ್ತಿದೆಯೋ ಅದನ್ನು ಇಡೀ ದಿನಕ್ಕೆ ಹೆಸರಾಗಿ ಇಡುತ್ತಾರೆ.

ಅಜ್ಜಿಯ ಗುಟ್ಟು ಇಲ್ಲಿದೆ. ಆ ದಿನ ಸೂರ್ಯೋದಯಕ್ಕೆ ಬಿದಿಗೆ ಇತ್ತು, ಕ್ಯಾಲೆಂಡರ್ ಅದನ್ನು ಹೇಳಿತು. ಸಂಜೆಯ ಹೊತ್ತಿಗೆ ತದಿಗೆ ಹತ್ತಿತ್ತು, ಅಜ್ಜಿ ಅದನ್ನು ನೋಡಿದಳು. ಆಕೆಯ ಅಳತೆ ಸರಳ. ಒಂದೊಂದು ತಿಥಿಗೆ ಚಂದ್ರ ಸುಮಾರು ಎರಡು ಗಳಿಗೆ, ಅಂದರೆ 48 ನಿಮಿಷ, ತಡವಾಗಿ ಮುಳುಗುತ್ತಾನೆ. ಹೊತ್ತು ಮುಳುಗಿದ ಮೇಲೆ ಒಂದೂವರೆ ಗಂಟೆಗೆ ಚಂದ್ರ ಇಳಿದರೆ ಬಿದಿಗೆ ಮುಗಿಯುತ್ತಾ ಬಂದಿದೆ. ಎರಡು ಗಂಟೆ ದಾಟಿದರೂ ಇದ್ದರೆ ತದಿಗೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತಿರ ಹತ್ತಿರ 10 ಡಿಗ್ರಿ, ಅದನ್ನೂ ಬಳಸಬಹುದು. ಸಂಜೆ ನೆತ್ತಿಯ ಮೇಲೆ ಅರ್ಧ ಚಂದ್ರ ಇದ್ದರೆ ಶುಕ್ಲ ಅಷ್ಟಮಿಯ ಆಸುಪಾಸು. ನಡುರಾತ್ರಿಗೆ ಮೂಡುವ ಅರ್ಧ ಚಂದ್ರ ಕೃಷ್ಣ ಅಷ್ಟಮಿಯವನು. ಪಕ್ಷ ಗೊತ್ತಾಗದಿದ್ದರೆ ಬೆಳಗಿದ ಮೈ ಯಾವ ಕಡೆ ಇದೆ ನೋಡಿ. ಪಡುವಣಕ್ಕಿದ್ದರೆ ಶುಕ್ಲ, ಮೂಡಣಕ್ಕಿದ್ದರೆ ಕೃಷ್ಣ. ಈ ಅಂದಾಜಿನಲ್ಲಿ ಒಂದು ತಿಥಿ ಹೆಚ್ಚು ಕಡಿಮೆ ಆಗಬಹುದು, ಅದಕ್ಕಿಂತ ಹೆಚ್ಚು ತಪ್ಪುವುದು ಕಡಿಮೆ.

ಈಗ 1522ಕ್ಕೆ ಬರೋಣ. ತಾರೀಖುಗಳೆಲ್ಲ ಆ ಕಾಲದ ಯುರೋಪಿನ ಹಳೆಯ ಜೂಲಿಯನ್ ಲೆಕ್ಕದವು. ಆ ವರ್ಷ ಮೇ ತಿಂಗಳಲ್ಲಿ ಸೂರ್ಯ ಚಂದ್ರ ಕೂಡಿದ್ದು 25ನೇ ತಾರೀಖು ಭಾನುವಾರ, ನಮ್ಮ ಕಡೆಯ ಹೊತ್ತಿನಲ್ಲಿ ಮುಸ್ಸಂಜೆ. ಹಿಂದಿನ ದಿನ ಶನಿವಾರ ಬೆಳಗ್ಗೆ ಇನ್ನೂ ಕೃಷ್ಣ ಚತುರ್ದಶಿ ನಡೆಯುತ್ತಿತ್ತು. ಅಮಾವಾಸ್ಯೆಯೂ ಅಲ್ಲ, ಹೊಸ ಚಂದ್ರ ಕಾಣುವ ಮಾತಂತೂ ದೂರ. 1521ನ್ನು ನೋಡಿದರೆ ಮೇ 6, ಸೋಮವಾರ. ಅದರ ಬೆನ್ನಿಗೆ ಶನಿವಾರವೇ ಇಲ್ಲ. 1520ರಲ್ಲಿ ಮಾತ್ರ ಮೇ 17, ಗುರುವಾರ. ಅದರ ಬೆನ್ನಿಗೇ ಮೇ 19ರ ಶನಿವಾರ.

ಇದನ್ನು ಮೊದಲು ಹಿಡಿದವನು ರಾಬರ್ಟ್ ಸೆವೆಲ್. ನ್ಯೂನಿಜ್‌ನ ಬರಹವನ್ನು ಇಂಗ್ಲಿಷಿಗೆ ತಂದು 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಪುಸ್ತಕದಲ್ಲಿ ಅಚ್ಚು ಹಾಕಿಸಿದವನೂ ಅವನೇ. ಅದಕ್ಕೆ ನಾಲ್ಕು ವರ್ಷ ಮೊದಲು ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆ ಸೇರಿ ಭಾರತೀಯ ಪಂಚಾಂಗದ ಮೇಲೆ ದೊಡ್ಡ ಪುಸ್ತಕ ಬರೆದಿದ್ದ. ಹಾಗಾಗಿ ತಿಥಿ ಲೆಕ್ಕ ಅವನ ಕೈಯಲ್ಲೇ ಇತ್ತು. ಯುದ್ಧ ನಡೆದದ್ದು 1520ರ ಮೇ 19 ಎಂದು ಅವನು ತೀರ್ಮಾನಿಸಿದ. ಇವತ್ತು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ಆ ತಾರೀಖೇ.

ನನಗೆ ಇಲ್ಲಿ ಒಂದು ಅನುಮಾನ ಬಂತು, ನಿಮಗೂ ಬಂದಿರಬೇಕು. ಅಮಾವಾಸ್ಯೆ ಮುಗಿದದ್ದು ಗುರುವಾರ. ಯುದ್ಧ ಶನಿವಾರ. ಹಾಗಾದರೆ ನ್ಯೂನಿಜ್ 'ಹೊಸ ಚಂದ್ರನ ದಿನ' ಅಂದದ್ದು ಯಾಕೆ?

ನಾನೇ ಲೆಕ್ಕ ಹಾಕಿ ನೋಡಿದೆ. ಕೂಡಿದ ಕ್ಷಣ ಗುರುವಾರ ಬೆಳಗಿನ ಜಾವ ಮೂರು ಗಂಟೆಯ ಸುಮಾರು ಬರುತ್ತದೆ. ಗುರುವಾರ ಸಂಜೆಗೆ ಚಂದ್ರನಿಗೆ ಹದಿನೈದು ಹದಿನಾರು ಗಂಟೆ ವಯಸ್ಸು, ಸೂರ್ಯನಿಂದ 9 ಡಿಗ್ರಿಯೂ ಇಲ್ಲ, ಪಾಡ್ಯ. ಬರಿಗಣ್ಣಿಗೆ ಕಾಣುವುದು ಬಹಳ ಕಷ್ಟ. ಶುಕ್ರವಾರ ಸಂಜೆಗೆ ಸುಮಾರು 40 ಗಂಟೆ, ದೂರ 22 ಡಿಗ್ರಿಯ ಹತ್ತಿರ. ಬಿದಿಗೆಯ ಕೊನೆ. ಪಡುವಣದಲ್ಲಿ ದೋಣಿಯ ಹಾಗೆ ಮಲಗಿದ ತೆಳು ಚಂದ್ರ ಹೊತ್ತು ಮುಳುಗಿದ ಮೇಲೂ ಒಂದೂವರೆ ಗಂಟೆ ಇದ್ದಿರಬೇಕು. ಮಾರನೆ ದಿನ ಕಾಳಗಕ್ಕೆ ನಿಂತಿದ್ದ ಎರಡೂ ಕಡೆಯ ಸೈನಿಕರು ಆ ತಿಂಗಳ ಹೊಸ ಚಂದ್ರನನ್ನು ಮೊದಲು ನೋಡಿದ್ದು ಆ ಸಂಜೆ. ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಶುಕ್ಲ ತದಿಗೆ ಹತ್ತಿತ್ತು.

ಅಂದರೆ 'ಹೊಸ ಚಂದ್ರ' ಎಂಬುದಕ್ಕೆ ಒಂದಲ್ಲ, ಎರಡು ಅರ್ಥ. ಪಂಚಾಂಗದವನಿಗೆ ಅದು ಕಾಣದ ಚಂದ್ರ, ಅಮಾವಾಸ್ಯೆ. ಆಕಾಶ ನೋಡುವವನಿಗೆ ಅದು ಮೊದಲು ಕಂಡ ಚಂದ್ರ. ಆದಿಲ್ ಶಾಹನ ಪಾಳೆಯದಲ್ಲಿ ತಿಂಗಳು ಶುರುವಾಗುವುದೇ ಚಂದ್ರ ಕಂಡ ಸಂಜೆಯಿಂದ. ಹಿಜರಿ ಲೆಕ್ಕದ ಕೋಷ್ಟಕ ತೆಗೆದು ನೋಡಿದರೆ 926ನೇ ವರ್ಷದ ಜುಮಾದ ಅಲ್ ಆಖಿರ್ ತಿಂಗಳ ಒಂದನೇ ತಾರೀಖು ಬರುವುದು 1520ರ ಮೇ 19ಕ್ಕೆ, ಅದೇ ಶನಿವಾರಕ್ಕೆ! ನ್ಯೂನಿಜ್‌ಗೆ ಸುದ್ದಿ ಯಾರಿಂದ ಬಂದಿದ್ದರೂ ಸರಿ, ಆ ಶನಿವಾರವನ್ನು ಹೊಸ ಚಂದ್ರನ ದಿನ ಎಂದು ಕರೆಯುವುದರಲ್ಲಿ ತಪ್ಪಿಲ್ಲ. ಅದನ್ನು 'ಅಮಾವಾಸ್ಯೆಯ ದಿನ' ಎಂದು ಕನ್ನಡಕ್ಕೆ ತಂದರೆ ಮಾತ್ರ ಎರಡು ದಿನ ಜಾರಿಹೋಗುತ್ತದೆ.

ಹಾಗಾದರೆ ವರ್ಷ ಸರಿ ಇದ್ದು ವಾರವೇ ತಪ್ಪಾಗಿರಬಾರದೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹದಿನೈದು ವರ್ಷದ ನಂತರ ಜನ ಏನನ್ನು ನೆನಪಿಟ್ಟುಕೊಳ್ಳುತ್ತಾರೆ ಯೋಚಿಸಿ. ಶುಕ್ರವಾರ ಬೇಡ ಅಂದದ್ದು, ಹಿಂದಿನ ಸಂಜೆ ಚಂದ್ರ ಕಂಡದ್ದು ಕಥೆಯ ಜೊತೆ ಉಳಿಯುತ್ತದೆ. ವರ್ಷದ ಸಂಖ್ಯೆ ಹಾಗಲ್ಲ, ಅದೂ ಶಕವರ್ಷ, ಹಿಜರಿಯಿಂದ ಕ್ರಿಸ್ತವರ್ಷಕ್ಕೆ ತಿರುಗಿಸುವಾಗ ಸುಲಭವಾಗಿ ಜಾರುತ್ತದೆ. ಫಿರಿಷ್ತಾ ಕೊಡುವ ಹಿಜರಿ 927 ಕೂಡ 1520ರ ಡಿಸೆಂಬರಿನಿಂದ ಶುರುವಾಗುವ ವರ್ಷ, ಒಂದು ವರ್ಷ ಮುಂದಕ್ಕೆ ಹೋಗಿದೆ. ಇನ್ನೊಂದು ಕಡೆಯಿಂದಲೂ ಆಧಾರವಿದೆ. ಆದಿಲ್ ಶಾಹ ಈ ಯುದ್ಧದಲ್ಲಿ ಸಿಕ್ಕಿಬಿದ್ದಿದ್ದಾಗ ಗೋವೆಯ ರುಯ್ ದ ಮೆಲ್ಲೊ ಅಲ್ಲಿನ ಒಳನಾಡನ್ನು ಹಿಡಿದುಕೊಂಡ. ಪೋರ್ಚುಗೀಸ್ ಗವರ್ನರ್ ಸಿಕ್ವೇರಾ ಕೆಂಪು ಸಮುದ್ರಕ್ಕೆ ಹೋಗಿದ್ದ ಆ ವರ್ಷ 1520.

ಇದೇ ಅಳತೆಗೋಲನ್ನು ಇನ್ನೊಬ್ಬ ಪೋರ್ಚುಗೀಸನ ಮೇಲೂ ಇಟ್ಟು ನೋಡಬಹುದು. ಪೇಸ್ ತಾನು ಕಂಡ ಮಹಾನವಮಿ ಸೆಪ್ಟೆಂಬರ್ 12ಕ್ಕೆ ಶುರುವಾಯಿತು, ಅಕ್ಟೋಬರ್ 12ಕ್ಕೆ ಹೊಸ ವರ್ಷ, ಇವರು ಚಂದ್ರನಿಂದ ಚಂದ್ರನಿಗೆ ತಿಂಗಳು ಎಣಿಸುತ್ತಾರೆ ಎನ್ನುತ್ತಾನೆ. ನವರಾತ್ರಿ ಆಶ್ವಯುಜ ಶುದ್ಧ ಪಾಡ್ಯಕ್ಕೆ, ಆ ಹೊಸ ವರ್ಷ ಕಾರ್ತಿಕ ಶುದ್ಧ ಪಾಡ್ಯಕ್ಕೆ, ನಮ್ಮ ಬಲಿಪಾಡ್ಯಮಿಗೆ ಬರಬೇಕು. 1520ರಲ್ಲಿ ಆ ಎರಡೂ ದಿನ ಸೂರ್ಯೋದಯಕ್ಕೆ ಪಾಡ್ಯವೇ ಇದೆ. 1522ರಲ್ಲಿ ಸೆಪ್ಟೆಂಬರ್ 12 ಕೃಷ್ಣಪಕ್ಷದ ನಡುವೆ ಬೀಳುತ್ತದೆ. 1521ರಲ್ಲಿ ಶುಕ್ಲ ದಶಮಿ ಏಕಾದಶಿಯ ಹತ್ತಿರ. ಪೇಸ್ ಹಂಪಿಯಲ್ಲಿ ಹಬ್ಬ ನೋಡಿದ್ದು 1520ರಲ್ಲೇ, ಯುದ್ಧ ಮುಗಿದು ನಾಲ್ಕು ತಿಂಗಳಿಗೆ.

ಹಳೆಯ ಶಾಸನ, ಕಡತ ಓದುವ ಗೆಳೆಯರಿಗೆ ಒಂದು ಮಾತು. ತಿಥಿಯ ಜೊತೆ ವಾರ ಕೊಟ್ಟಿದ್ದರೆ ಮೊದಲು ಅವೆರಡನ್ನು ಕೂಡಿಸಿ ನೋಡಿ, ವರ್ಷವನ್ನು ಆಮೇಲೆ ನಂಬಿ. ಕೃಷ್ಣಪಕ್ಷದ ತಿಥಿಯಾದರೆ ತಿಂಗಳ ಹೆಸರಿನ ಮೇಲೆ ಕಣ್ಣಿರಲಿ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದಲ್ಲಿ ಹುಣ್ಣಿಮೆಗೆ. ಅದೇ ರಾತ್ರಿ ನಮಗೆ ಮಾಘ ಬಹುಳವಾದರೆ ಅವರಿಗೆ ಫಾಲ್ಗುಣ ಕೃಷ್ಣ. ಶುಕ್ಲಪಕ್ಷದಲ್ಲಿ ಈ ಜಗಳವಿಲ್ಲ.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಎರಡು ಸಂಜೆ ಪಡುವಣಕ್ಕೆ ನೋಡಿ, ಚಂದ್ರ ಯಾವತ್ತು ಮೊದಲು ಕಂಡ, ಎಷ್ಟು ಹೊತ್ತಿಗೆ ಮುಳುಗಿದ ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಊರಿನ ಲೆಕ್ಕ ಏನು ಬಂತು ಅಂತ ಕೆಳಗೆ ತಿಳಿಸಿದರೆ ನನಗೆ ಖುಷಿ. ನಮ್ಮಜ್ಜಿ ಈಗಿಲ್ಲ. ಇದ್ದಿದ್ದರೆ ರಾಯಚೂರು ಯುದ್ಧದ ದಿನ ತದಿಗಿ ಹತ್ತಿತ್ತು ಅಂತ ಹೇಳಿ, ಆವತ್ತು ನಕ್ಕಿದ್ದಕ್ಕೆ ತಪ್ಪಾಯ್ತು ಅಂತಿದ್ದೆ...